ಹೆಮಾಟೊಕ್ರಿಟ್ ಏರಿದೆ, ಸರಿ. ಆಲ್ಬುಮಿನ್ ಏನು ಹೇಳ್ತಿದೆ?

ರಕ್ತದ ರಿಪೋರ್ಟ್ ಕೈಗೆ ಬಂದಾಗ ನಾವು ಮೊದಲು ಹುಡುಕುವುದು ದಪ್ಪ ಅಕ್ಷರದಲ್ಲಿರುವ ಅಂಕಿಗಳನ್ನು. ಪಕ್ಕದಲ್ಲಿ H ಅಥವಾ L ಇದ್ದರೆ ಗಾಬರಿ, ಇಲ್ಲದಿದ್ದರೆ ನಿರಾಳ. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಹೇಳುವ ಹೆಮಾಟೊಕ್ರಿಟ್ ವಿಷಯದಲ್ಲಿ ಈ ಅಭ್ಯಾಸ ಕೈಕೊಡುತ್ತದೆ. ಅಂಕಿ ನಾರ್ಮಲ್ ಮಿತಿಯ ಒಳಗೇ ಇದ್ದು, ರಕ್ತನಾಳದಲ್ಲಿದ್ದ ಪ್ಲಾಸ್ಮಾ, ಅಂದರೆ ರಕ್ತದ ದ್ರವದ ಕಾಲು ಭಾಗಕ್ಕಿಂತ ಜಾಸ್ತಿ ಹೊರಟುಹೋಗಿರಬಹುದು. ಅದನ್ನು ಗುರುತಿಸುವುದು ಹೇಗೆ, ಅದಕ್ಕೆ ಆಲ್ಬುಮಿನ್ ಎಂಬ ಪ್ರೋಟೀನ್‌ನ ಅಂಕಿಯನ್ನು ಹೇಗೆ ಜೊತೆಗಿಟ್ಟು ಓದಬೇಕು ಅನ್ನುವುದನ್ನು ಒಂದು ಡೆಂಗೀ ಕೇಸ್ ಇಟ್ಟುಕೊಂಡು ನೋಡೋಣ. ಇದು ರಿಪೋರ್ಟ್ ಅರ್ಥಮಾಡಿಕೊಳ್ಳಲು ಮಾತ್ರ. ಚಿಕಿತ್ಸೆಯನ್ನು ತೀರ್ಮಾನಿಸುವುದು ರೋಗಿಯನ್ನು ಕಣ್ಣಾರೆ ನೋಡಿದ ಡಾಕ್ಟರ್.

ಮೊದಲು ಟ್ಯೂಬ್ ನೋಡೋಣ

ಹೆಪ್ಪುಗಟ್ಟದಂತೆ ಮದ್ದು ಹಾಕಿದ ಟ್ಯೂಬ್‌ನಲ್ಲಿ ರಕ್ತ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿದರೆ ಅದು ಪದರ ಪದರವಾಗಿ ನಿಲ್ಲುತ್ತದೆ. ತಳದಲ್ಲಿ ಕಡುಗೆಂಪು ಪದರ, ಅದೇ ಕೆಂಪು ರಕ್ತಕಣಗಳು. ಅದರ ಮೇಲೆ ಉಗುರಿನ ಗೆರೆಯಷ್ಟು ತೆಳ್ಳನೆಯ ಬೂದುಬಿಳಿ ಪದರ, ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳದ್ದು. ಅದು ಒಟ್ಟು ರಕ್ತದ ಶೇ. 1ರಷ್ಟೂ ಇರುವುದಿಲ್ಲ. ಮೇಲೆ ಉಳಿಯುವ ತಿಳಿಹಳದಿ ದ್ರವವೇ ಪ್ಲಾಸ್ಮಾ.

ಒಟ್ಟು ಎತ್ತರದಲ್ಲಿ ಆ ಕೆಂಪು ಪದರ ಶೇಕಡಾ ಎಷ್ಟು ಅನ್ನುವುದೇ ಹೆಮಾಟೊಕ್ರಿಟ್. ರಿಪೋರ್ಟ್‌ನಲ್ಲಿ HCT ಅಥವಾ PCV ಎಂದು ಇರುತ್ತದೆ, ಎರಡೂ ಒಂದೇ. ವಯಸ್ಕ ಗಂಡಸರಲ್ಲಿ ಸುಮಾರು 40ರಿಂದ 50, ಹೆಂಗಸರಲ್ಲಿ ಸುಮಾರು 36ರಿಂದ 46. ಲ್ಯಾಬ್‌ನಿಂದ ಲ್ಯಾಬ್‌ಗೆ ಒಂದೆರಡು ಅಂಕಿ ಆಚೀಚೆ ಆಗುತ್ತದೆ.

ಪ್ಲಾಸ್ಮಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಪ್ರತಿ 100 ಮಿಲೀಗೆ 6ರಿಂದ 8 ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಲ್ಬುಮಿನ್, 3.5ರಿಂದ 5 ಗ್ರಾಂ. ಉಳಿದದ್ದು ಬಹುಪಾಲು ಗ್ಲಾಬ್ಯುಲಿನ್‌ಗಳು, ಸ್ವಲ್ಪ ಫೈಬ್ರಿನೊಜೆನ್. ಆಲ್ಬುಮಿನ್ ಅಳೆಯುವುದು ಸಾಮಾನ್ಯವಾಗಿ ಸೀರಮ್‌ನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವದಲ್ಲಿ. ಹಾಗಾಗಿ ಹೆಮಾಟೊಕ್ರಿಟ್ ಮತ್ತು ಆಲ್ಬುಮಿನ್ ಬೇರೆ ಬೇರೆ ಟ್ಯೂಬ್‌ನಿಂದ, ಎಷ್ಟೋ ಸಲ ರಿಪೋರ್ಟ್‌ನ ಬೇರೆ ಬೇರೆ ಪುಟದಲ್ಲಿ ಬರುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ತಪ್ಪಿಹೋಗಲು ಇದೂ ಒಂದು ಕಾರಣ.

ಹಂತ 1: ಅಂಕಿ ನಂಬುವಂತಿದೆಯಾ?

ಈಗಿನ ಬಹುತೇಕ ಯಂತ್ರಗಳು ಪದರದ ಎತ್ತರವನ್ನು ಅಳೆಯುವುದೇ ಇಲ್ಲ. ಕೆಂಪು ಕಣಗಳನ್ನು ಎಣಿಸುತ್ತವೆ, ಒಂದೊಂದರ ಗಾತ್ರ ಅಳೆಯುತ್ತವೆ, ಎರಡನ್ನೂ ಗುಣಿಸಿ ಹೆಮಾಟೊಕ್ರಿಟ್ ಕೊಡುತ್ತವೆ. ರಿಪೋರ್ಟ್‌ನಲ್ಲಿ RBC ಅಂದರೆ ಕೆಂಪು ಕಣಗಳ ಎಣಿಕೆ, MCV ಅಂದರೆ ಒಂದು ಕಣದ ಸರಾಸರಿ ಗಾತ್ರ. ಆ ಗುಣಾಕಾರವನ್ನು ನೀವೂ ಮಾಡಿ ನೋಡಬಹುದು:

```
HCT (%) = RBC × MCV ÷ 10
```

RBC 4.6, MCV 87 ಇದ್ದರೆ ಉತ್ತರ 40. ಇದಕ್ಕಿಂತ ಸುಲಭದ ಇನ್ನೊಂದು ಪರೀಕ್ಷೆ ಇದೆ. ಹಿಮೋಗ್ಲೋಬಿನ್ ಅನ್ನು 3ರಿಂದ ಗುಣಿಸಿ. ಹೆಮಾಟೊಕ್ರಿಟ್ ಅದರ ಆಸುಪಾಸಿನಲ್ಲೇ ಇರಬೇಕು. ಹಿಮೋಗ್ಲೋಬಿನ್ 13.4 ಇದ್ದವರಿಗೆ ಹೆಮಾಟೊಕ್ರಿಟ್ 40 ಬಂದರೆ ಸರಿ, 47 ಬಂದರೆ ಎಲ್ಲೋ ಎಡವಟ್ಟಾಗಿದೆ, ಮತ್ತೊಂದು ಸ್ಯಾಂಪಲ್ ಬೇಕು. ಕಣಗಳ ಗಾತ್ರವಾಗಲಿ ಆಕಾರವಾಗಲಿ ತೀರಾ ಬದಲಾಗಿರುವ ಕೆಲವು ರಕ್ತಹೀನತೆಗಳಲ್ಲಿ ಈ ಮೂರರ ಲೆಕ್ಕ ಕೂಡಿಬರುವುದಿಲ್ಲ, ಅದು ನೆನಪಿರಲಿ.

ಕೂದಲಿನಂಥ ಗಾಜಿನ ಕೊಳವೆಯಲ್ಲಿ ರಕ್ತ ತುಂಬಿ ತಿರುಗಿಸುವ ಹಳೆಯ ವಿಧಾನ ಇಂದಿಗೂ ಬಳಕೆಯಲ್ಲಿದೆ, ಸುಮಾರು ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅದರಲ್ಲಿ ಕಣಗಳ ನಡುವೆ ಒಂದಿಷ್ಟು ಪ್ಲಾಸ್ಮಾ ಸಿಕ್ಕಿಕೊಳ್ಳುವುದರಿಂದ ಅಂಕಿ ಯಂತ್ರಕ್ಕಿಂತ ತುಸು ಮೇಲೆ ಬರುತ್ತದೆ. ಅದಕ್ಕೇ, ಇವತ್ತು ಕೊಳವೆಯ ಅಂಕಿ, ನಾಳೆ ಯಂತ್ರದ ಅಂಕಿ ಇಟ್ಟುಕೊಂಡು ಹೋಲಿಸಬಾರದು.

ಹಂತ 2: ಯಾವ ಕಡೆ ಬದಲಾಗಿದೆ?

ಹೆಮಾಟೊಕ್ರಿಟ್ ಒಂದು ಪ್ರಮಾಣ, ಅಷ್ಟೇ. ಒಂದು ತರಗತಿಯಲ್ಲಿ 40 ಹುಡುಗರು, 60 ಹುಡುಗಿಯರು ಇದ್ದಾರೆ ಅಂದುಕೊಳ್ಳಿ. ಹುಡುಗಿಯರಲ್ಲಿ ಒಂದಷ್ಟು ಜನ ಎದ್ದು ಹೊರಗೆ ಹೋದರೆ, ಹೊಸದಾಗಿ ಒಬ್ಬ ಹುಡುಗನೂ ಸೇರದೆ ಹುಡುಗರ ಶೇಕಡಾವಾರು ಏರಿಬಿಡುತ್ತದೆ. ಹೆಮಾಟೊಕ್ರಿಟ್ 40ರಿಂದ 48ಕ್ಕೆ ಏರಿದಾಗ ಕಣಗಳು ಜಾಸ್ತಿ ಆದವೋ, ಪ್ಲಾಸ್ಮಾ ಕಮ್ಮಿ ಆಯಿತೋ ಅಂತ ಆ ಅಂಕಿಯೊಂದೇ ಹೇಳಲಾರದು.

ಆದರೆ ಕಾಲ ಒಂದು ಸುಳಿವು ಕೊಡುತ್ತದೆ. ಮಜ್ಜೆಯಲ್ಲಿ ಹೊಸ ಕೆಂಪು ಕಣ ತಯಾರಾಗಲು ದಿನಗಳು ಬೇಕು, ಅವುಗಳ ಒಟ್ಟು ಸಂಖ್ಯೆ ಎದ್ದು ಕಾಣುವಂತೆ ಏರಲು ವಾರಗಳೇ ಬೇಕು. ಎರಡು ಮೂರು ದಿನದಲ್ಲಿ ಎಂಟು ಅಂಕಿ ಏರಿದ್ದರೆ, ರೋಗಿಗೆ ರಕ್ತ ಏರಿಸಿಲ್ಲ ಅಂದಮೇಲೆ, ಕಮ್ಮಿಯಾಗಿರುವುದು ಪ್ಲಾಸ್ಮಾವೇ.

ಎಷ್ಟು ಕಮ್ಮಿಯಾಗಿದೆ? ಲೆಕ್ಕಕ್ಕೆ 60 ಕೆಜಿ ತೂಕದ ಒಬ್ಬ ಗಂಡಸನ್ನು ಊಹಿಸಿಕೊಳ್ಳಿ. ಕೆಜಿಗೆ 70 ಮಿಲೀ ಹಿಡಿದರೆ ಮೈಯಲ್ಲಿ ಸುಮಾರು 4200 ಮಿಲೀ ರಕ್ತ. ಜ್ವರದ ಎರಡನೇ ದಿನ ಹೆಮಾಟೊಕ್ರಿಟ್ 40. ಅಂದರೆ 1680 ಮಿಲೀ ಕಣಗಳು, 2520 ಮಿಲೀ ಪ್ಲಾಸ್ಮಾ. ಐದನೇ ದಿನ ಹೆಮಾಟೊಕ್ರಿಟ್ 48. ಕಣಗಳು ಅಷ್ಟೇ ಇವೆ, 1680. ಆ 1680 ಈಗ ಶೇ. 48 ಆಗಬೇಕಾದರೆ ಒಟ್ಟು ರಕ್ತ 3500 ಮಿಲೀ ಇರಬೇಕು. ಅದರಲ್ಲಿ ಪ್ಲಾಸ್ಮಾ 1820. ಅಂದರೆ 700 ಮಿಲೀ ಪ್ಲಾಸ್ಮಾ ಮಾಯ, ಇದ್ದದ್ದರಲ್ಲಿ ಶೇ. 28.

ಗಂಡಸಿಗೆ 48 ಅಂದರೆ ರಿಪೋರ್ಟ್‌ನಲ್ಲಿ H ಬೀಳುವುದಿಲ್ಲ. ಮಿತಿ 50ರವರೆಗೆ ಇದೆಯಲ್ಲ! ಡೆಂಗೀಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲ್ಯಾಬ್ ಮಿತಿಯನ್ನು ಬಿಟ್ಟು, ಅದೇ ವ್ಯಕ್ತಿಯ ಮೊದಲಿನ ಹೆಮಾಟೊಕ್ರಿಟ್‌ಗೆ ಹೋಲಿಸಿ ಶೇ. 20 ಏರಿಕೆಯನ್ನು ಪ್ಲಾಸ್ಮಾ ಸೋರಿಕೆಯ ಗುರುತಾಗಿ ಇಟ್ಟಿರುವುದು ಇದಕ್ಕೇ. 40ರ ಶೇ. 20 ಅಂದರೆ 8. ನಮ್ಮ ಕೇಸ್ ಸರಿಯಾಗಿ ಆ ಗೆರೆಯ ಮೇಲೆ ನಿಂತಿದೆ. ರಕ್ತಹೀನತೆ ಇರುವವರಲ್ಲಂತೂ ಇನ್ನೂ ಮೋಸ ಹೋಗುತ್ತೇವೆ. ಮೊದಲೇ 30 ಇದ್ದವರು 36ಕ್ಕೆ ಬಂದರೆ ಅದೂ ಶೇ. 20 ಏರಿಕೆಯೇ. ಆದರೆ ರಿಪೋರ್ಟ್ ನೋಡಿದವರು "ಪರವಾಗಿಲ್ಲ, ರಕ್ತ ಸ್ವಲ್ಪ ಸುಧಾರಿಸಿದೆ" ಅನ್ನುತ್ತಾರೆ.

ಹಾಗಾಗಿ ಜ್ವರದ ಮೊದಲ ದಿನಗಳಲ್ಲೇ ಒಂದು ಹೆಮಾಟೊಕ್ರಿಟ್ ಮಾಡಿಸಿಟ್ಟಿರಬೇಕು. ಅದಿಲ್ಲದಿದ್ದರೆ ಹಿಂದೆ ಎಂದಾದರೂ ಆರೋಗ್ಯವಾಗಿದ್ದಾಗ ಮಾಡಿಸಿದ ಹಳೆಯ ರಿಪೋರ್ಟ್ ಹುಡುಕಿ ಡಾಕ್ಟರಿಗೆ ತೋರಿಸಿ. ಹೋಲಿಸಲು ಏನೂ ಇಲ್ಲದ ಒಂಟಿ ಅಂಕಿಯಿಂದ ಹೆಚ್ಚೇನೂ ಹೇಳಲಾಗದು.

ಹಂತ 3: ಆಲ್ಬುಮಿನ್ ಕೇಳಿ

ಪ್ಲಾಸ್ಮಾ ಕಮ್ಮಿಯಾಗಿದೆ ಅಂತ ಗೊತ್ತಾಯಿತು. ಹೋದದ್ದು ಬರೀ ನೀರೋ, ಪ್ರೋಟೀನ್ ಸಮೇತ ಪ್ಲಾಸ್ಮಾವೋ? ಇಲ್ಲಿ ಆಲ್ಬುಮಿನ್ ಬೇಕು.

ಆಲ್ಬುಮಿನ್ ತಯಾರಾಗುವುದು ಲಿವರ್‌ನಲ್ಲಿ ಮಾತ್ರ, ದಿನಕ್ಕೆ 10ರಿಂದ 15 ಗ್ರಾಂ. ಅದರ ಅರ್ಧಾಯುಷ್ಯ ಸುಮಾರು ಮೂರು ವಾರ. ಬಿಲಿರುಬಿನ್, ಕೊಬ್ಬಿನ ಆಮ್ಲಗಳು, ಕ್ಯಾಲ್ಸಿಯಂ, ಎಷ್ಟೋ ಔಷಧಿಗಳು ರಕ್ತದಲ್ಲಿ ಓಡಾಡುವುದು ಇದಕ್ಕೆ ಅಂಟಿಕೊಂಡೇ. ನಮಗೆ ಈಗ ಮುಖ್ಯವಾದದ್ದು ಇನ್ನೊಂದು ಕೆಲಸ: ನೀರನ್ನು ರಕ್ತನಾಳದೊಳಗೆ ಹಿಡಿದಿಡುವುದು. ಕ್ಯಾಪಿಲರಿ ಎಂಬ ಅತಿ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ನೀರು, ಉಪ್ಪು ಸಲೀಸಾಗಿ ಹಾದುಹೋಗುತ್ತವೆ, ಆಲ್ಬುಮಿನ್ ಅಷ್ಟು ಸುಲಭವಾಗಿ ಹಾಯುವುದಿಲ್ಲ. ಒಳಗೇ ಉಳಿದ ಪ್ರೋಟೀನ್ ನೀರನ್ನು ತನ್ನ ಕಡೆ ಎಳೆಯುತ್ತದೆ. ಈ ಎಳೆತ ಸುಮಾರು 25 ಮಿಮೀ ಪಾದರಸದಷ್ಟು. ಅದರಲ್ಲಿ ಮುಕ್ಕಾಲು ಪಾಲು ಆಲ್ಬುಮಿನ್‌ನದ್ದೇ. ಗ್ಲಾಬ್ಯುಲಿನ್‌ಗಳೂ ತೂಕದಲ್ಲಿ ಕಮ್ಮಿಯೇನಿಲ್ಲ. ಆದರೆ ಈ ಎಳೆತಕ್ಕೆ ಲೆಕ್ಕಕ್ಕೆ ಬರುವುದು ಪ್ರೋಟೀನ್ ಅಣುಗಳ ಸಂಖ್ಯೆ, ತೂಕವಲ್ಲ. ಆಲ್ಬುಮಿನ್ ಅಣು ಚಿಕ್ಕದು, ಹಾಗಾಗಿ ಅಷ್ಟೇ ತೂಕದಲ್ಲಿ ಸಂಖ್ಯೆ ಜಾಸ್ತಿ. ಜೊತೆಗೆ ಅದರ ಮೇಲಿರುವ ಋಣ ವಿದ್ಯುದಂಶ ಸೋಡಿಯಂ ಅನ್ನೂ ಒಳಗೆ ಹಿಡಿದಿಡುತ್ತದೆ, ಸೋಡಿಯಂ ಜೊತೆ ನೀರೂ ನಿಲ್ಲುತ್ತದೆ.

ಈಗ ಎರಡೂ ಅಂಕಿಗಳನ್ನು ಒಟ್ಟಿಗೆ ಓದಿ. ವಾಂತಿ, ಭೇದಿ, ಬೆವರಿನಿಂದ ನೀರು ಹೋಗಿದ್ದರೆ ಕಣಗಳೂ ಆಲ್ಬುಮಿನ್ನೂ ಒಳಗೇ ಉಳಿದಿರುತ್ತವೆ. ಹೆಮಾಟೊಕ್ರಿಟ್ ಏರುತ್ತದೆ, ಆಲ್ಬುಮಿನ್ನೂ ಏರುತ್ತದೆ. ಗೋಡೆಯೇ ಸೋರುತ್ತಿದ್ದರೆ ಆಲ್ಬುಮಿನ್ ನೀರಿನ ಜೊತೆ ಹೊರಟುಹೋಗುತ್ತದೆ. ಆಗ ಹೆಮಾಟೊಕ್ರಿಟ್ ಏರುತ್ತದೆ, ಆಲ್ಬುಮಿನ್ ಇಳಿಯುತ್ತದೆ. ಮಜ್ಜೆ ನಿಜವಾಗಿಯೂ ಕಣಗಳನ್ನು ಜಾಸ್ತಿ ಮಾಡುತ್ತಿದ್ದರೆ ಹೆಮಾಟೊಕ್ರಿಟ್ ವಾರ, ತಿಂಗಳುಗಳಲ್ಲಿ ನಿಧಾನವಾಗಿ ಏರುತ್ತದೆ, ಆಲ್ಬುಮಿನ್ ಅಲುಗುವುದಿಲ್ಲ. ಎರಡೂ ಒಟ್ಟಿಗೆ ಇಳಿದಿದ್ದರೆ ರಕ್ತ ತೆಳುವಾಗಿದೆ: ಜಾಸ್ತಿ ಡ್ರಿಪ್, ಗರ್ಭಾವಸ್ಥೆ, ಅಥವಾ ರಕ್ತಸ್ರಾವವಾಗಿ ಕೆಲವು ಗಂಟೆ ಕಳೆದಿದೆ. ರಕ್ತಸ್ರಾವದ ಮೊದಲ ಹೊತ್ತಿನಲ್ಲಂತೂ ಎರಡೂ ಬದಲಾಗುವುದಿಲ್ಲ. ಕಣ, ಪ್ಲಾಸ್ಮಾ ಎರಡೂ ಇದ್ದ ಪ್ರಮಾಣದಲ್ಲೇ ಹೋಗುತ್ತವಲ್ಲ. ಒಳಗೆ ರಕ್ತ ಸುರಿಯುತ್ತಿರುವಾಗಲೂ ಹೆಮಾಟೊಕ್ರಿಟ್ ನಾರ್ಮಲ್ ಇರಬಹುದು.

ನಮ್ಮ ಕೇಸ್‌ಗೆ ಬರೋಣ. ಎರಡನೇ ದಿನ ಆಲ್ಬುಮಿನ್ 4.3 ಇತ್ತು ಅನ್ನಿ. ಐದನೇ ದಿನ 3.3. ನಾಳದಿಂದ ನೀರು ಮಾತ್ರ ಹೋಗಿದ್ದರೆ ಅದು 4.3ಕ್ಕಿಂತ ಮೇಲೆ ಹೋಗಬೇಕಿತ್ತು. ಪ್ಲಾಸ್ಮಾ ಇದ್ದ ಹಾಗೇ ಸೋರಿ, ಬೇರೇನೂ ಆಗದಿದ್ದರೆ 4.3ರಲ್ಲೇ ನಿಲ್ಲಬೇಕಿತ್ತು. ಇಳಿದದ್ದು ಯಾಕೆ?

ಗ್ರಾಂ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಎರಡನೇ ದಿನ 2520 ಮಿಲೀ ಪ್ಲಾಸ್ಮಾದಲ್ಲಿ ಸುಮಾರು 108 ಗ್ರಾಂ ಆಲ್ಬುಮಿನ್. ಐದನೇ ದಿನ 1820 ಮಿಲೀಯಲ್ಲಿ ಸುಮಾರು 60 ಗ್ರಾಂ. ಕಳೆದುಹೋದದ್ದು 48 ಗ್ರಾಂ. 700 ಮಿಲೀ ಪ್ಲಾಸ್ಮಾದ ಜೊತೆ ಹೋಗಬಹುದಾದದ್ದು ಹೆಚ್ಚೆಂದರೆ 30 ಗ್ರಾಂ. ಉಳಿದ 18 ಗ್ರಾಂ ಎಲ್ಲಿ ಹೋಯಿತು? ಸೋರಿಕೆ 700 ಮಿಲೀಗಿಂತ ಜಾಸ್ತಿ ಆಗಿದೆ, ಒಂದಷ್ಟನ್ನು ಕುಡಿದ ನೀರು ಮತ್ತು ಡ್ರಿಪ್ ತುಂಬಿಕೊಟ್ಟಿವೆ ಅಂತ ಅರ್ಥ. ನೀರು ವಾಪಸ್ ಬಂತು, ಆಲ್ಬುಮಿನ್ ಬರಲಿಲ್ಲ. ಹೆಮಾಟೊಕ್ರಿಟ್ ಒಂದನ್ನೇ ನೋಡಿದ್ದರೆ ಸೋರಿಕೆಯನ್ನು ನಾವು ಕಮ್ಮಿ ಅಂದಾಜು ಮಾಡುತ್ತಿದ್ದೆವು. ಇದು ಅಂದಾಜು ಲೆಕ್ಕ ಅನ್ನೋದೂ ನೆನಪಿರಲಿ. ಸೋಂಕಿನ ಸಮಯದಲ್ಲಿ ಲಿವರ್ ಆಲ್ಬುಮಿನ್ ತಯಾರಿಕೆಯನ್ನೇ ತಗ್ಗಿಸುತ್ತದೆ, ಅದರ ಪಾಲೂ ಒಂದಿಷ್ಟು ಇದ್ದೇ ಇರುತ್ತದೆ.

ಸೋರಿದ್ದು ಹೋಗಿ ಸೇರುವುದು ಎದೆಗೂಡು ಮತ್ತು ಹೊಟ್ಟೆಯ ಪೊಳ್ಳಿನಲ್ಲಿ. ಸ್ಕ್ಯಾನ್‌ನಲ್ಲಿ ಅಲ್ಲಿ ನೀರು ಕಂಡರೆ ಲೆಕ್ಕಕ್ಕೆ ಸಾಕ್ಷಿ ಸಿಕ್ಕಂತೆ.

ಹಂತ 4: ರಕ್ತ ಎಷ್ಟು ಮಂದವಾಗಿದೆ?

ರಕ್ತ ಹರಿಯುವಾಗ ತೋರುವ ಒಳತಡೆಗೆ ಸ್ನಿಗ್ಧತೆ ಅನ್ನುತ್ತಾರೆ. ಪ್ಲಾಸ್ಮಾ ನೀರಿಗಿಂತ ಮಂದ, ಆದರೆ ಎರಡು ಪಟ್ಟು ಆಗುವಷ್ಟಲ್ಲ. ಕಣಗಳು ಸೇರಿದ ಇಡೀ ರಕ್ತ ಮೂರರಿಂದ ಐದು ಪಟ್ಟು ಮಂದ. ಅಂದಮೇಲೆ ಸ್ನಿಗ್ಧತೆಯನ್ನು ಆಳುವುದು ಹೆಮಾಟೊಕ್ರಿಟ್. ಅದೂ ನೇರ ಗೆರೆಯಲ್ಲಲ್ಲ. ಮೊದಮೊದಲು ನಿಧಾನವಾಗಿ ಏರಿ, 50 ದಾಟಿದ ಮೇಲೆ ಗೆರೆ ಕಡಿದಾಗುತ್ತದೆ. ಹೆಮಾಟೊಕ್ರಿಟ್ 60 ಆದಾಗ ಸ್ನಿಗ್ಧತೆ 40ರಲ್ಲಿ ಇದ್ದದ್ದಕ್ಕಿಂತ ಸುಮಾರು ಎರಡು ಪಟ್ಟು.

ರಕ್ತದ ಇನ್ನೊಂದು ಗುಣ ನೀರಿಗೆ ಇಲ್ಲ. ಜೋರಾಗಿ ಹರಿದರೆ ಅದು ತೆಳುವಾಗುತ್ತದೆ, ನಿಧಾನವಾದರೆ ಮಂದವಾಗುತ್ತದೆ. ಹರಿವು ನಿಧಾನವಾದಾಗ ಕೆಂಪು ಕಣಗಳು ನಾಣ್ಯ ಜೋಡಿಸಿಟ್ಟ ಹಾಗೆ ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಹಾಗೆ ಅಂಟಿಸುವುದು ಮುಖ್ಯವಾಗಿ ಫೈಬ್ರಿನೊಜೆನ್. ತೂಕದಲ್ಲಿ ಅದು ಆಲ್ಬುಮಿನ್‌ನ ಹತ್ತನೇ ಒಂದು ಪಾಲೂ ಇಲ್ಲ, ಆದರೆ ಉದ್ದನೆಯ ದೊಡ್ಡ ಅಣು. ಆಲ್ಬುಮಿನ್ ಇಷ್ಟೊಂದು ಇದ್ದರೂ ಚಿಕ್ಕದಾಗಿ, ಅಡಕವಾಗಿ ಇರುವುದರಿಂದ ಮಂದತನಕ್ಕೆ ಅದರ ಕೊಡುಗೆ ಅಲ್ಪ. ನೀರನ್ನು ಇಷ್ಟು ಬಲವಾಗಿ ಹಿಡಿದಿಟ್ಟೂ ಹರಿವಿಗೆ ಅಡ್ಡಬರದ ಪ್ರೋಟೀನ್ ಇದು, ನನಗೆ ಇದರಲ್ಲಿ ಅತಿ ಇಷ್ಟವಾಗುವ ಗುಣವೂ ಅದೇ.

ನಮ್ಮ ರೋಗಿಯಲ್ಲಿ 48 ಎಂಬ ಹೆಮಾಟೊಕ್ರಿಟ್ ತಾನಾಗಿ ಅಪಾಯದ ಮಂದತನವೇನಲ್ಲ. ಎತ್ತರದ ಬೆಟ್ಟಪ್ರದೇಶದಲ್ಲಿ ವಾಸಿಸುವವರು ಅದಕ್ಕಿಂತ ಜಾಸ್ತಿ ಇಟ್ಟುಕೊಂಡು ಆರಾಮಾಗಿ ಓಡಾಡುತ್ತಾರೆ. ಆದರೆ ಅವರಲ್ಲಿ ಒಟ್ಟು ರಕ್ತವೂ ಜಾಸ್ತಿ. ಇವನಲ್ಲಿ 4200 ಇದ್ದದ್ದು 3500 ಆಗಿದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಮ್ಮಿ, ಹಾಗಾಗಿ ಹರಿವು ನಿಧಾನ. ನಿಧಾನವಾದ ಕಡೆ ಮಂದತನ ಇನ್ನಷ್ಟು. ಕೈಕಾಲು ತಣ್ಣಗಾಗುವುದು, ನಾಡಿ ಚುರುಕಾಗುವುದು, ಮೂತ್ರ ಕಮ್ಮಿಯಾಗುವುದು, ಮೇಲಿನ ಬಿಪಿಗೂ ಕೆಳಗಿನ ಬಿಪಿಗೂ ನಡುವಿನ ಅಂತರ 20ಕ್ಕೆ ಕುಗ್ಗುವುದು, ಇವೆಲ್ಲ ಈ ಹಂತದ ಲಕ್ಷಣಗಳು. ಮೇಲಿನ ಬಿಪಿ ಮಾತ್ರ ಎಷ್ಟೋ ಹೊತ್ತು ಚೆನ್ನಾಗಿಯೇ ಕಾಣುತ್ತಿರುತ್ತದೆ. ಜ್ವರ ಇಳಿಯುವ ಹೊತ್ತಿಗೇ ಇದು ಶುರುವಾಗುವುದರಿಂದ ಮನೆಯವರು "ಅಬ್ಬಾ, ಜ್ವರ ಬಿಡ್ತು" ಅಂತ ಸುಮ್ನಾಗುತ್ತಾರೆ. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು ಅಥವಾ ಚಡಪಡಿಕೆ ಕಂಡರೆ ಮುಂದಿನ ರಿಪೋರ್ಟ್‌ಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹಂತ 5: ಇಳಿದಾಗಲೂ ಕೇಳಿ, ಯಾಕೆ ಇಳಿಯಿತು?

ಸೋರಿಕೆ ಸಾಮಾನ್ಯವಾಗಿ 24ರಿಂದ 48 ಗಂಟೆ ನಡೆದು ನಿಲ್ಲುತ್ತದೆ. ಆಮೇಲೆ ಹೊರಗೆ ನಿಂತ ದ್ರವ ನಿಧಾನವಾಗಿ ನಾಳಕ್ಕೆ ಮರಳುತ್ತದೆ. ನಮ್ಮ ರೋಗಿಯ ಹೆಮಾಟೊಕ್ರಿಟ್ ಏಳನೇ ದಿನ 38 ಆಯಿತು ಅನ್ನಿ. ಇದು ಎರಡರಲ್ಲಿ ಒಂದು: ದ್ರವ ವಾಪಸ್ ಬಂದಿದೆ, ಅಥವಾ ಎಲ್ಲೋ ರಕ್ತಸ್ರಾವ ಆಗುತ್ತಿದೆ. ನಾಡಿ ನಿಧಾನವಾಗಿ, ಕೈ ಬೆಚ್ಚಗಾಗಿ, ಮೂತ್ರ ಚೆನ್ನಾಗಿ ಹೋಗಿ, ಹಸಿವು ಶುರುವಾಗಿದ್ದರೆ ಮೊದಲನೆಯದು. ನಾಡಿ ಇನ್ನೂ ಓಡುತ್ತಿದ್ದು, ರೋಗಿ ಬಿಳಿಚಿಕೊಂಡಿದ್ದರೆ ಎರಡನೆಯದನ್ನು ಅನುಮಾನಿಸಬೇಕು. ಮೊದಲನೆಯದೇ ಆಗಿದ್ದರೆ ಡ್ರಿಪ್ ನಿಲ್ಲಿಸುವ ಸಮಯ ಬಂದಿದೆ. ಒಳಗಿನಿಂದ ದ್ರವ ಮರಳುತ್ತಿರುವಾಗ ಹೊರಗಿನಿಂದಲೂ ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಆಲ್ಬುಮಿನ್ ಮಾತ್ರ ಆಗಲೂ 3.4, 3.5ರಲ್ಲೇ ಇರಬಹುದು. ಹೊರಗೆ ಹೋದದ್ದು ಲಿಂಫ್ ನಾಳಗಳ ಮೂಲಕ ಸುತ್ತಿ ಬರಬೇಕು, ಲಿವರ್ ಹೊಸದನ್ನು ದಿನಕ್ಕೆ ಅಷ್ಟಷ್ಟೇ ಮಾಡಬೇಕು. ಅಂಕಿ ಕಮ್ಮಿ ಇದೆ ಅಂತ ಬಾಟಲಿ ಆಲ್ಬುಮಿನ್ ಹಾಕಿಸುವ ಆತುರ ಬೇಡ. ಗೋಡೆ ಸೋರುತ್ತಿರುವಾಗ ಹಾಕಿದ್ದರಲ್ಲಿ ಒಂದು ಪಾಲು ಹೊರಗೇ ಹೋಗುತ್ತದೆ, ಸೋರಿಕೆ ನಿಂತ ಮೇಲೆ ದೇಹವೇ ತುಂಬಿಕೊಳ್ಳುತ್ತದೆ. ವಾರಗಳ ನಂತರವೂ ಏರದಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ, ಲಿವರ್ ಸರಿಯಾಗಿದೆಯಾ ಅನ್ನುವುದು ಮೊದಲ ಎರಡು ಪ್ರಶ್ನೆಗಳು.

ಅಂಕಿಯೇ ದಾರಿ ತಪ್ಪಿಸುವ ಕಡೆಗಳು

ನಿಂತಾಗ ಕಾಲಿನ ಕಡೆ ಒಂದಷ್ಟು ನೀರು ನಾಳದಿಂದ ಹೊರಗೆ ಜಾರುತ್ತದೆ. ಮಲಗಿದ್ದಾಗ ತೆಗೆದ ರಕ್ತಕ್ಕಿಂತ ಓಡಾಡಿ ಬಂದವರ ರಕ್ತದಲ್ಲಿ ಹೆಮಾಟೊಕ್ರಿಟ್, ಆಲ್ಬುಮಿನ್ ಎರಡೂ ಶೇ. 5ರಿಂದ 10ರಷ್ಟು ಜಾಸ್ತಿ ಇರಬಹುದು. ತೋಳಿಗೆ ಕಟ್ಟಿದ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಬಿಟ್ಟರೂ ಹಾಗೇ. ಎರಡೂ ಒಟ್ಟಿಗೆ ತುಸು ಏರಿದ್ದರೆ ನೀರು ಕಮ್ಮಿಯಾಗಿದೆ ಅನ್ನುವ ಮೊದಲು ಇದನ್ನು ಕೇಳಿಕೊಳ್ಳಿ.

ರಕ್ತ ಹೆಪ್ಪುಗಟ್ಟದಂತೆ EDTA ಎಂಬ ಮದ್ದು ಹಾಕಿದ ಟ್ಯೂಬ್‌ನಲ್ಲಿ ಗೆರೆಯವರೆಗೆ ರಕ್ತ ತುಂಬದಿದ್ದರೆ ಮದ್ದು ಜಾಸ್ತಿಯಾಗಿ ಕಣಗಳು ಸುಕ್ಕುತ್ತವೆ. ತಿರುಗಿಸಿ ಅಳೆಯುವ ವಿಧಾನದಲ್ಲಿ ಹೆಮಾಟೊಕ್ರಿಟ್ ಸುಳ್ಳೇ ಕಮ್ಮಿ ಬರುತ್ತದೆ. ಆಲ್ಬುಮಿನ್ ಅಳೆಯಲು ಲ್ಯಾಬ್‌ಗಳು ಬಳಸುವ ಬಣ್ಣಗಳೂ ಒಂದೇ ಅಲ್ಲ. ಬ್ರೋಮೊಕ್ರೆಸಾಲ್ ಗ್ರೀನ್ ಬಣ್ಣ ಬೇರೆ ಪ್ರೋಟೀನ್‌ಗಳಿಗೂ ಅಂಟುವುದರಿಂದ, ಆಲ್ಬುಮಿನ್ ತೀರಾ ಕಮ್ಮಿ ಇರುವವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಲ್ಯಾಬ್ ಬದಲಿಸಿದ ದಿನವೇ ಅಂಕಿಯೂ ಬದಲಾದರೆ ಮೊದಲು ಲ್ಯಾಬ್ ಮೇಲೆ ಅನುಮಾನ ಇರಲಿ.

ಎಲ್ಲಕ್ಕಿಂತ ಕೆಟ್ಟದ್ದು ಡ್ರಿಪ್ ಹೋಗುತ್ತಿರುವ ಕೈಯಿಂದಲೇ, ಸೂಜಿಯ ಮೇಲ್ಭಾಗದಲ್ಲಿ ರಕ್ತ ತೆಗೆಯುವುದು. ಹೆಮಾಟೊಕ್ರಿಟ್ 48ರಿಂದ ಎರಡೇ ಗಂಟೆಯಲ್ಲಿ 31ಕ್ಕೆ, ಆಲ್ಬುಮಿನ್ 3.3ರಿಂದ 1.6ಕ್ಕೆ ಬಿದ್ದು, ರೋಗಿ ಮಾತ್ರ ಹಾಗೇ ಕೂತು ಮಾತಾಡುತ್ತಿದ್ದರೆ ಸ್ಯಾಂಪಲ್‌ನಲ್ಲಿ ಡ್ರಿಪ್ ಬೆರೆತಿರುವ ಸಾಧ್ಯತೆಯೇ ಜಾಸ್ತಿ. ಗ್ಲೂಕೋಸ್ ಡ್ರಿಪ್ ಆಗಿದ್ದರೆ ಅದೇ ಸ್ಯಾಂಪಲ್‌ನ ಸಕ್ಕರೆ ಆಕಾಶಕ್ಕೇರಿರುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದು ಕೈಯಿಂದ ಕೂಡಲೇ ಮತ್ತೆ ತೆಗೆಸಿ, ಆ ಅಂಕಿ ಬರುವವರೆಗೆ ನಾಡಿ, ಬಿಪಿ, ಮೂತ್ರ ನೋಡುತ್ತಿರಬೇಕು.